ವಿಪ್ ಲಿಮಿಟ್ ಹಾಕಿದವರು ನಿಮ್ಮ ಅನುಭವ ಹೇಳಿ

ಪ್ರಶ್ನೆ: ನಾವು ಐದು ಜನರ ಸಪೋರ್ಟ್ ಟೀಮ್. ಟಿಕೆಟ್‌ಗಳು ಹಂತ ಹಂತವಾಗಿ ಕಾಲಮ್ ದಾಟುವ ಕಾನ್‌ಬಾನ್ ಬೋರ್ಡ್ ಇದೆ, ಒಂದು ಕಾಲಮ್‌ನಲ್ಲಿ ಒಮ್ಮೆಗೆ ಇಷ್ಟೇ ಟಿಕೆಟ್ ಇರಬಹುದು ಅನ್ನುವ ವಿಪ್ ಲಿಮಿಟ್ ಇಲ್ಲ. ‘ನಡೆಯುತ್ತಿದೆ’ ಕಾಲಮ್‌ನಲ್ಲಿ ಯಾವಾಗಲೂ 40 ಟಿಕೆಟ್ ಇರುತ್ತವೆ. ಲಿಮಿಟ್ ಹಾಕಿದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತಾ?

ಸಂಜೆಪಾಳಿ: ನಾವು ನಾಲ್ಕು ಜನ, ತಲೆಗೆ ಎರಡರಂತೆ ಎಂಟು ಅಂತ ಹಾಕಿದೆವು. ಒಂದೇ ವಾರದಲ್ಲಿ ಬೋರ್ಡ್ ಖಾಲಿಯಾಯಿತು, ಎಲ್ಲರಿಗೂ ಖುಷಿ. ಮೂರನೇ ವಾರ ‘ಗ್ರಾಹಕರ ಉತ್ತರಕ್ಕೆ ಕಾಯುತ್ತಿದೆ’ ಕಾಲಮ್ ನೋಡಿದರೆ 61 ಟಿಕೆಟ್! ಆ ಕಾಲಮ್‌ಗೆ ನಾವು ಲಿಮಿಟ್ ಹಾಕಿರಲಿಲ್ಲ. ಒಂದು ಸ್ಲಾಟ್ ಖಾಲಿ ಮಾಡೋಕೆ ನಮ್ಮವರೇ ‘ಇನ್ನೊಂದು ಸ್ಕ್ರೀನ್‌ಶಾಟ್ ಕಳಿಸಿ’ ಅಂತ ಬರೆದು ಅಲ್ಲಿಗೆ ತಳ್ಳಿದ್ದರು. ರಾತ್ರಿ ಕೂತು ಒಂದೊಂದೇ ತೆರೆದೆ. ನಿಜವಾಗಿ ಗ್ರಾಹಕರಿಗಾಗಿ ಕಾಯುತ್ತಿದ್ದದ್ದು 23. ಡೆವಲಪರ್‌ಗಳ ಹತ್ತಿರ ನಿಂತದ್ದು 27. ಉಳಿದ 11ರಲ್ಲಿ ಗ್ರಾಹಕರು ಆಗಲೇ ಉತ್ತರ ಕೊಟ್ಟಿದ್ದರು, ಯಾರೂ ತೆರೆದೇ ಇರಲಿಲ್ಲ. ಅದರಲ್ಲಿ ಇಬ್ಬರು ನಮ್ಮನ್ನು ಬಿಟ್ಟೇ ಹೋದರು. ಲಿಮಿಟ್ ಅಡಚಣೆ ತೋರಿಸಲ್ಲ, ಮುಚ್ಚಿಡುತ್ತೆ.

ಹಳೆಯ ಲೀಡ್: ಮುಚ್ಚಿಟ್ಟದ್ದು ಲಿಮಿಟ್ ಅಲ್ಲ, ಲಿಮಿಟ್ ಇಲ್ಲದ ಆ ಕಾಲಮ್. ಕಾಯುವುದನ್ನು ಯಾರಿಗಾಗಿ ಅಂತ ಬೇರೆ ಬೇರೆ ಮಾಡಬೇಕಿತ್ತು.

ನಮ್ಮಲ್ಲಿ ‘ರೀಫಂಡ್ ಒಪ್ಪಿಗೆ’ ಅಂತ ಒಂದು ಕಾಲಮ್ ಮಾಡಿ ಲಿಮಿಟ್ 3 ಹಾಕಿದೆವು. ಸೋಮವಾರ ಬೆಳಿಗ್ಗೆಯೇ ಮೂರೂ ತುಂಬಿದವು. ನಾಲ್ಕನೆಯ ಟಿಕೆಟ್‌ನ ಕೆಲಸ ಮುಗಿದಿತ್ತು, ಆದರೆ ಮುಂದಕ್ಕೆ ಸರಿಸಲು ಜಾಗವಿಲ್ಲ. ಅದು ‘ನಡೆಯುತ್ತಿದೆ’ಯಲ್ಲೇ ಕೂತಿತು. ಸಂಜೆ ಹೊತ್ತಿಗೆ ಅಂಥವೇ ಆರು ಸೇರಿ, ಆ ಕಾಲಮ್‌ನ ಹತ್ತೂ ತುಂಬಿ, ಹೊಸದನ್ನು ಎತ್ತಿಕೊಳ್ಳುವ ಹಾಗೇ ಇರಲಿಲ್ಲ. ಮಂಗಳವಾರ 34 ಹೊಸ ಟಿಕೆಟ್ ಉತ್ತರ ಇಲ್ಲದೆ ನಿಂತವು. ಮೇಲಿನವರು ಎರಡು ಸಲ ಫೋನ್ ಮಾಡಿ ಬೈದರು. 3 ಅನ್ನು 6 ಮಾಡಿಬಿಡೋಣ ಅನ್ನಿಸಿತ್ತು. ಮಾಡಲಿಲ್ಲ. ಮಾಡಿದ್ದರೆ ಇನ್ನೆರಡು ದಿನ ಏನೂ ಕಾಣಿಸುತ್ತಿರಲಿಲ್ಲ, ಅಷ್ಟೇ.

ಹಳೆಯ 18 ರೀಫಂಡ್ ಟಿಕೆಟ್‌ಗಳ ಹಿಸ್ಟರಿ ತೆಗೆದೆ. ಒಪ್ಪಿಗೆ ಕೊಡುವವರಿಗೆ ಬೇಕಾದದ್ದು ಐದು ನಿಮಿಷ. ಟಿಕೆಟ್ ಕಾದದ್ದು ಎರಡು ಮೂರು ದಿನ. ಅವರು ವಾರಕ್ಕೆ ಎರಡೇ ಸಲ ಪಟ್ಟಿ ತೆರೆಯುತ್ತಿದ್ದರು! ನಮ್ಮ ಹುಡುಗರು ನಿಧಾನ ಅಂತ ಒಂದು ವರ್ಷ ಮಾತು ಕೇಳಿದ್ದೆವು. ಸಣ್ಣ ಮೊತ್ತಕ್ಕೆ ಒಪ್ಪಿಗೆ ಬೇಡ, ದೊಡ್ಡದನ್ನು ದಿನಕ್ಕೆ ಎರಡು ಸಲ ನೋಡುವುದು ಅಂತ ಆಯಿತು. ಆಮೇಲೆ ಡೆವಲಪರ್ ಕಾಲಮ್ ತುಂಬತೊಡಗಿತು. ಅದನ್ನು ಇವತ್ತಿಗೂ ಬಿಡಿಸಿಲ್ಲ.

ಎರಡನೇ ಪಾಳಿ: ನಮ್ಮಲ್ಲಿ ತಲೆಗೆ ಎರಡು ಅನ್ನುವ ಲಿಮಿಟ್ ಅನ್ನೇ ಇಟ್ಟುಕೊಂಡು ಯಾರು ಎಷ್ಟು ಮುಗಿಸಿದರು ಅಂತ ಅಳೆದರು. ಕಷ್ಟದ ಟಿಕೆಟ್ ಹಿಡಿದವಳು ನಾನು. ಒಂದು ಡೇಟಾ ಕಳೆದುಹೋದ ಕೇಸ್ ಒಂಬತ್ತು ದಿನ ನನ್ನ ಒಂದು ಸ್ಲಾಟ್ ತಿಂದಿತು. ರೇಟಿಂಗ್ ಬಿತ್ತು. ಆ ಕೆಲಸ ಬಿಟ್ಟೆ. ಲಿಮಿಟ್ ಇರಬೇಕಾದದ್ದು ಕಾಲಮ್‌ಗೆ, ಮನುಷ್ಯರಿಗಲ್ಲ.

ಸಂಜೆಪಾಳಿ: ತಲೆಗೆ ಎರಡು ತಪ್ಪಲ್ಲ ಮೇಡಂ, ಅದನ್ನು ರೇಟಿಂಗ್‌ಗೆ ಬಳಸಿದ್ದು ತಪ್ಪು. ನನ್ನ ಟೀಮ್ ಹಾಗೆ ಮಾಡಿಲ್ಲ.

ಎರಡನೇ ಪಾಳಿ: ನಿಮ್ಮವರು ಯಾಕೆ ಸ್ಕ್ರೀನ್‌ಶಾಟ್ ಕೇಳಿ ತಳ್ಳಿದರು ಮತ್ತೆ? ಹೆದರಿಕೊಂಡೇ ಅಲ್ವಾ? ಅವರನ್ನು ಕೇಳಿದ್ದೀರಾ?

ಲೆಕ್ಕದವ: 40 ಟಿಕೆಟ್ ಒಳಗಿದ್ದು ದಿನಕ್ಕೆ 10 ಮುಗಿದರೆ, ಒಂದೊಂದಕ್ಕೆ ಸರಾಸರಿ 4 ದಿನ. ಲಿಮಿಟ್ 10 ಮಾಡಿದರೆ 1 ದಿನ. ಇಷ್ಟೇ ವಿಷಯ, ಸುಮ್ನೆ ಜಗಳ ಯಾಕೆ?

ಹಳೆಯ ಲೀಡ್: ಅರ್ಧ ಸರಿ. ಉಳಿದ 30 ಬಾಗಿಲ ಹೊರಗೆ ‘ಹೊಸದು’ ಕಾಲಮ್‌ನಲ್ಲಿ ಕಾಯುತ್ತಿರುತ್ತವೆ. ದಿನಕ್ಕೆ ಮುಗಿಯುವುದು 10ರಲ್ಲೇ ಉಳಿದರೆ, ಬರೆದ ಗ್ರಾಹಕರಿಗೆ ಅದೇ 4 ದಿನ. ಟಿಕೆಟ್ ಬಂದ ಗಳಿಗೆಯಿಂದ ಎಣಿಸಿ, ನೀವು ಎತ್ತಿಕೊಂಡಾಗಿನಿಂದ ಅಲ್ಲ. ಲಿಮಿಟ್‌ನಿಂದ ಲಾಭ ಬರುವುದು ಸಿಕ್ಕಿಕೊಂಡ ಜಾಗ ಕಂಡು ಅದನ್ನು ಸರಿಮಾಡಿದಾಗ.

ಲೆಕ್ಕದವ: ಒಂದೇ ಸಲ ಎಂಟು ಟಿಕೆಟ್ ನಡುವೆ ಓಡಾಡುವುದು ತಪ್ಪಿದರೆ 10 ಅನ್ನೋದು 12 ಆಗುತ್ತೆ. ನಮ್ಮಲ್ಲಿ ಆಗಿದೆ.

ಹಳೆಯ ಲೀಡ್: ನಮ್ಮಲ್ಲಿ ಆಗಲಿಲ್ಲ. ಕಾಯುತ್ತಿದ್ದದ್ದು ಬೇರೆಯವರ ಒಪ್ಪಿಗೆಗೆ, ಓಡಾಟದಿಂದಲ್ಲ.

ಸಂಜೆಪಾಳಿ: ಸರಿ, ಗ್ರಾಹಕರಿಗಾಗಿ ಕಾಯುವ ಟಿಕೆಟ್‌ಗೂ ಲಿಮಿಟ್ ಹಾಕುತ್ತೀರಾ? ಅವರು ಯಾವಾಗ ಉತ್ತರಿಸುತ್ತಾರೋ ನಮ್ಮ ಕೈಯಲ್ಲಿಲ್ಲ.

ಹಳೆಯ ಲೀಡ್: ಅದಕ್ಕೆ ಲಿಮಿಟ್ ಇಲ್ಲ, ವಯಸ್ಸು ನೋಡುತ್ತೇವೆ. ಮೂರು ದಿನ ದಾಟಿದರೆ ಬೆಳಿಗ್ಗೆ ಬೋರ್ಡ್ ಮುಂದೆ ನಿಂತಾಗ ಒಬ್ಬರು ಅದನ್ನು ತೆರೆಯಲೇಬೇಕು. ಉತ್ತರ ಬಂದ ಕೂಡಲೇ ಟಿಕೆಟ್ ತಾನಾಗಿ ‘ಹೊಸದು’ಗೆ ವಾಪಸ್.

ಎರಡನೇ ಪಾಳಿ: ವಾಪಸ್ ಬಂದದ್ದು ಸರತಿಯ ಕೊನೆಗೆ ಹೋದರೆ ಆ ಗ್ರಾಹಕರು ಎರಡು ಸಲ ಕಾಯಬೇಕು. ನಾವು ಮೇಲಿಡುತ್ತಿದ್ದೆವು.

ಲೆಕ್ಕದವ: ಮೇಲಿಟ್ಟರೆ ಮೊದಲ ಉತ್ತರವೇ ಸಿಗದವರು ಇನ್ನೂ ಹಿಂದೆ ಬೀಳುತ್ತಾರೆ. ಅದು ಸರಿಯಾ?

ಎರಡನೇ ಪಾಳಿ: ಒಂಬತ್ತು ದಿನ ಡೇಟಾ ಇಲ್ಲದೆ ಕೂತವರ ಜೊತೆ ಒಂದು ಸಲ ಮಾತಾಡಿ ನೋಡಿ. ಆಮೇಲೆ ಕೇಳಿ.