ಮಹಡಿಯ ಕನ್ಸೋಲ್‌ಗೆ ಪವರ್‌ಲೈನ್: ಸಂಜೆಯಾದರೆ ಆಟ ಕಡಿಯುತ್ತದೆ

ಕಿರಣ್, ನಿಟುವಳ್ಳಿ, ದಾವಣಗೆರೆ: ರೌಟರ್ ಕೆಳಗೆ ಪಡಸಾಲೆಯಲ್ಲಿದೆ, ಕನ್ಸೋಲ್ ಮಹಡಿಯ ಕೋಣೆಯಲ್ಲಿದೆ. ಮನೆಯ ವಿದ್ಯುತ್ ತಂತಿಯಲ್ಲೇ ನೆಟ್ ಸಾಗಿಸುವ, 1000 ಎಂದು ಬರೆದಿರುವ ಪವರ್‌ಲೈನ್ ಅಡಾಪ್ಟರ್ ಜೋಡಿ ಹಾಕಿದ್ದೇನೆ. ಹಗಲು ಆಟ ಸರಾಗ, ಸಂಜೆ ಏಳರ ನಂತರ ಆಗಾಗ ಸಂಪರ್ಕ ಕಡಿಯುತ್ತದೆ. ಏಕೆ ಸರ್?

ವೀರೇಶ್ (ನೆಟ್‌ವರ್ಕ್ ಕೆಲಸ): ಮನೆಗೆ ಮೂರು ಫೇಸ್ ಇದೆಯೇ? ವೋಲ್ಟೇಜ್ ಇಳಿದಾಗ ಯಾರಾದರೂ ಫೇಸ್ ಸೆಲೆಕ್ಟರ್ ತಿರುಗಿಸುತ್ತಾರೆಯೇ?

ಕಿರಣ್: ಹೌದು, ಫ್ಯಾನ್ ನಿಧಾನವಾದರೆ ಅಪ್ಪ ಮಹಡಿಯದನ್ನು ತಿರುಗಿಸುತ್ತಾರೆ.

ವೀರೇಶ್: ಅನುಮಾನ ಅಲ್ಲೇ ಇದೆ. ಎರಡೂ ಅಡಾಪ್ಟರ್ ಒಂದೇ ಫೇಸ್‌ನಲ್ಲಿದ್ದರೆ ಸಂಕೇತ ನೇರ ತಂತಿಯಲ್ಲಿ ಓಡುತ್ತದೆ. ಮಹಡಿಯನ್ನು ಬೇರೆ ಫೇಸ್‌ಗೆ ತಿರುಗಿಸಿದರೆ ಆ ದಾರಿ ಮುರಿಯುತ್ತದೆ. ಪೂರ್ತಿ ಸಾಯುವುದಿಲ್ಲ, ತಂತಿಗಳು ಪಕ್ಕಪಕ್ಕ ಹಾದಿರುವ ಕಡೆ ಸ್ವಲ್ಪ ಸೋರಿ ದಾಟುತ್ತದೆ. ಅದಕ್ಕೇ ದೀಪ ಹಸಿರಾಗಿದ್ದರೂ ಆಟ ತಡವರಿಸುತ್ತದೆ. 1000 ಎಂಬ ವೇಗ ಕಾಗದದ ಲೆಕ್ಕ, ಮನೆಯಲ್ಲಿ ಅದರ ಸಣ್ಣ ಪಾಲು ಮಾತ್ರ ಸಿಗುತ್ತದೆ.

ಕನ್ಸೋಲ್‌ನ ಕೇಬಲ್ಲನ್ನು ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿ, ವೈಫೈ ಆಫ್ ಮಾಡಿ, ನಿಮ್ಮ ರೌಟರ್‌ನ ವಿಳಾಸಕ್ಕೆ ಇದನ್ನು ಓಡಿಸಿ:

```
ping -t 192.168.1.1
```

ಸೆಲೆಕ್ಟರ್ ತಿರುಗಿಸಲು ಅಪ್ಪನಿಗೆ ಹೇಳಿ. ಮರಳಿ ಸಂಪರ್ಕವಾದ ಮೇಲೂ time ಸಂಖ್ಯೆ ಕುಣಿಯುತ್ತಿದ್ದರೆ ಕಾರಣ ಅದೇ. ತಿರುಗಿಸದೆಯೂ ಕುಣಿದರೆ ಬೋರ್‌ವೆಲ್ ಮೋಟಾರ್, ಅಗ್ಗದ ಚಾರ್ಜರ್, ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ.

ರೇಣುಕಾ: ಸ್ಪೈಕ್ ಗಾರ್ಡ್‌ಗೆ ಚುಚ್ಚಬಹುದೇ?

ವೀರೇಶ್: ಬೇಡ. ಅದು ಸಂಕೇತವನ್ನೂ ಸೋಸುತ್ತದೆ. ಗೋಡೆಯ ಸಾಕೆಟ್ಟೇ ಆಗಬೇಕು.

ಮಂಜುನಾಥ: ಇದೆಲ್ಲ ಹಳೆಯ ಕಾಲದ್ದು. ರೌಟರ್‌ನ ವೈಫೈಯನ್ನು ಮುಂದಕ್ಕೆ ದಾಟಿಸುವ ಮೆಶ್ ನೋಡ್ ಒಂದನ್ನು ಕನ್ಸೋಲ್ ಪಕ್ಕದಲ್ಲೇ ಇಡಿ, ಮುಗಿಯಿತು.

ಸಂತೋಷ್: ಪಕ್ಕದಲ್ಲಿಟ್ಟರೆ ಆ ನೋಡ್‌ಗೇ ಸಂಕೇತ ಸಿಗಬೇಡವೇ? ಕಾಂಕ್ರೀಟ್ ಚಪ್ಪಡಿ ದಾಟುವಾಗ 5 ಗಿಗಾಹರ್ಟ್ಸ್ ಸೊರಗುತ್ತದೆ. ಮೆಟ್ಟಿಲ ಬಳಿ ಇಡಬೇಕು.

ಮಂಜುನಾಥ: ನಮ್ಮ ಮನೆಯಲ್ಲಿ ನಾಲ್ಕು ಗೆರೆಯೂ ಬರುತ್ತವೆ. ನೀವು ಬಳಸಿ ನೋಡಿದ್ದೀರಾ, ಓದಿ ಹೇಳುತ್ತೀರಾ?

ವೀರೇಶ್: ಆ ಗೆರೆಗಳು ಕನ್ಸೋಲ್‌ಗೂ ನೋಡ್‌ಗೂ ನಡುವಿನವು. ನೋಡ್‌ಗೂ ರೌಟರ್‌ಗೂ ನಡುವೆ ಹೇಗಿದೆ ಎಂಬುದು ಆ್ಯಪ್‌ನಲ್ಲಿ ಕಾಣುತ್ತದೆ. ಒಂದೇ ರೇಡಿಯೊ ಎರಡೂ ಕಡೆ ಮಾತಾಡಬೇಕಾದರೆ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸಂತೋಷ್ ಹೇಳಿದ ಜಾಗ ಸರಿ.

ಬಸವರಾಜ್: ಅರ್ತ್ ಪಿನ್ ಮುರಿದರೆ ಪವರ್‌ಲೈನ್ ವೇಗ ಹೆಚ್ಚುತ್ತದಂತೆ, ಬೇರೆ ಗುಂಪಿನಿಂದ ಬಂದಿದೆ. ಫೇಸ್‌ಗಳ ನಡುವೆ ಕೆಪಾಸಿಟರ್ ಹಾಕುವ ವಿಡಿಯೊವೂ ಇದೆ.

ವೀರೇಶ್: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಹೊಸ ಅಡಾಪ್ಟರ್‌ಗಳು ಅರ್ತ್ ತಂತಿಯನ್ನೂ ಸಂಕೇತಕ್ಕೆ ಬಳಸುತ್ತವೆ. ಪಿನ್ ಮುರಿದರೆ ವೇಗವೂ ಹೋಗುತ್ತದೆ, ರಕ್ಷಣೆಯೂ ಹೋಗುತ್ತದೆ. ಎರಡು ಫೇಸ್ ನಡುವೆ 400 ವೋಲ್ಟ್ ಇರುತ್ತದೆ. ವಿಡಿಯೊ ನೋಡಿ ಬೋರ್ಡ್ ತೆರೆದವರ ಜೀವಕ್ಕೆ ನಾನು ಹೊಣೆಯಲ್ಲ.

ಬಸವರಾಜ್: ಬಂದದ್ದನ್ನು ಹಂಚಿದೆ, ಅಷ್ಟಕ್ಕೇ ಇಷ್ಟು ಸಿಟ್ಟೇಕೆ?

ಲತಾ, ಚಿತ್ರದುರ್ಗ: ನಮ್ಮದು ದಪ್ಪ ಕಲ್ಲುಗೋಡೆಯ ಹಳೆಯ ಮನೆ. ಮೆಶ್ ನಡೆಯುತ್ತದೆಯೇ?

ಪ್ರಶಾಂತ್: ಸ್ಪೈಕ್ ಗಾರ್ಡ್ ಒಳ್ಳೆಯ ಕಂಪನಿಯದಾದರೆ?

ವೀರೇಶ್: ಮೇಲೆ ಓದಿ.

ಕಿರಣ್: ಸರ್, ತಿರುಗಿಸಿ ನೋಡಿದೆ. 4 ಮಿಲಿಸೆಕೆಂಡ್ ಇದ್ದದ್ದು 180ಕ್ಕೆ ಹಾರಿತು, ನಡುನಡುವೆ ಉತ್ತರವೇ ಇಲ್ಲ. ಅಪ್ಪ ಮಾತ್ರ ಫ್ಯಾನ್ ಬಿಟ್ಟುಕೊಡುವುದಿಲ್ಲ ಎನ್ನುತ್ತಾರೆ.

ವೀರೇಶ್: ಹಾಗಾದರೆ ಅಡಾಪ್ಟರ್ ಮಾರಿಬಿಡಿ. ಹೊರಗೋಡೆಯ ಮೇಲೆ ಪೈಪಿನಲ್ಲಿ ಕ್ಯಾಟ್ 6 ಕೇಬಲ್ ಎಳೆಸಿ; 100 ಮೀಟರ್‌ವರೆಗೆ ಯಾವ ಫೇಸ್‌ನ ಹಂಗೂ ಇಲ್ಲ.

ಮಂಜುನಾಥ: ಅಂದರೆ ಕೊನೆಗೆ ಪವರ್‌ಲೈನ್ ಕೆಲಸಕ್ಕೆ ಬರಲಿಲ್ಲ!

ಸಂತೋಷ್: ಹಗಲೆಲ್ಲ ಸರಾಗವಾಗಿತ್ತು ಎಂದು ಅವರೇ ಬರೆದಿದ್ದಾರೆ. ಮೊದಲು ಪ್ರಶ್ನೆ ಓದಿ.