ಪದಚರ್ಚೆ: ‘ಕಂಪೌಂಡ್ ನಂಬರ್’ಗೆ ಏನನ್ನೋಣ? (ಹೆಸರು ಹೊಂದಾಣಿಕೆ)

ಸುಮತಿ:
ಇವತ್ತು ಸಂಜೆಯೊಳಗೆ ಬೇಕು, ದಯವಿಟ್ಟು ನೋಡಿ. ಗಂಡ-ಹೆಂಡತಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಹೊಂದಾಣಿಕೆ ಹೇಳುವ ಒಂದು ಆ್ಯಪ್‌ ಅನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಕ್ಷರಕ್ಕೆ ಅಂಕಿಯ ಬೆಲೆ ಕೊಡುವ ಎರಡು ಪದ್ಧತಿಗೆ ಎರಡು ಗುಂಡಿಗಳಿವೆ: ಪೈಥಾಗೊರಿಯನ್, ಚಾಲ್ಡಿಯನ್. ಅಕ್ಷರಗಳ ಬೆಲೆ ಕೂಡಿದಾಗ ಬರುವ ಮೊದಲ ಮೊತ್ತಕ್ಕೆ ‘ಕಂಪೌಂಡ್ ನಂಬರ್’, ಅದನ್ನು ಒಂದೇ ಅಂಕಿಗೆ ಇಳಿಸಿದರೆ ‘ಸಿಂಗಲ್ ನಂಬರ್’. ಮೊದಲನೆಯದಕ್ಕೆ ‘ಸಂಯುಕ್ತ ಸಂಖ್ಯೆ’ ಅಂತ ಹಾಕಿದ್ದೇನೆ. ಸರಿ ಇದೆಯಾ?

ವೆಂಕಟೇಶ:
ಸರಿ ಇಲ್ಲ. ಗಣಿತದಲ್ಲಿ ಸಂಯುಕ್ತ ಸಂಖ್ಯೆ ಅಂದರೆ ಬೇರೆಯೇ. RAVI ಹೆಸರಿಗೆ ಪೈಥಾಗೊರಸ್ ಲೆಕ್ಕದಲ್ಲಿ 9+1+4+9, ಅಂದರೆ 23. ಅದು ಅವಿಭಾಜ್ಯ. ‘ನಿಮ್ಮ ಸಂಯುಕ್ತ ಸಂಖ್ಯೆ 23’ ಅಂತ ಬರೆದರೆ ಏಳನೇ ತರಗತಿಯ ಹುಡುಗನೂ ತಪ್ಪು ಅಂತಾನೆ.
ಇನ್ನೊಂದು, ಅದು ‘ಚಾಲ್ಡಿಯನ್’ ಅಲ್ಲವೇ ಅಲ್ಲ. ಆ ch ಉಚ್ಚಾರ ಕ. ಹೀಬ್ರೂವಿನಲ್ಲಿ ಕಸ್ದೀಮ್, ಲಕಾರದ ರೂಪ ಗ್ರೀಕಿಗೆ ಬಂದದ್ದು ಅಕ್ಕಾಡಿಯನ್ ಭಾಷೆಯ ‘ಕಲ್ದು’ವಿನಿಂದ. ಕನ್ನಡ ಬೈಬಲ್ಲಿನಲ್ಲಿ ‘ಕಸ್ದೀಯರು’ ಅಂತಲೇ ಇದೆ. ನಮ್ಮ ಕೈಯಲ್ಲೇ ಪದ ಇರುವಾಗ ಇಂಗ್ಲಿಷ್ ಕಾಗುಣಿತ ಯಾಕೆ ಓದಬೇಕು?

ನಂದಿನಿ:
‘ಕಸ್ದೀಯ’ ಅಂತ ಯಾರೂ ಹುಡುಕಲ್ಲ. ಬಿಡಿ.
ಮೊದಲ ಮೊತ್ತಕ್ಕೆ ‘ಜೋಡಿ ಸಂಖ್ಯೆ’ ಅನ್ನಬಹುದು, ಅಲ್ವಾ? ಎರಡು ಅಂಕಿ ಜೊತೆಗಿರುತ್ತವೆ. ಅಂದಹಾಗೆ ಚಾಲ್ಡಿಯನ್‌ನಲ್ಲಿ 9 ಇಲ್ಲ, ಹಾಗಾಗಿ 9 ಬಂದರೆ ಅದು ಪ್ರೋಗ್ರಾಮಿನ ತಪ್ಪು.

ಲತಾ:
ನನ್ನ ಹೆಸರನ್ನು ಶಾಲೆಯಲ್ಲಿ LATHA ಅಂತ ಬರೆದುಕೊಂಡರು. ನಾನು ಬರೆಯೋದು LATA. ಕನ್ನಡದಲ್ಲಿ ಎರಡೂ ಲತಾ. ಹೊಂದಾಣಿಕೆ ನೋಡೋಕೆ ಯಾವುದು ಹಾಕಬೇಕು? ಪದದ ಪ್ರಶ್ನೆ ಅಲ್ಲ ಅಂತ ಗೊತ್ತು, ಆದರೂ ಕೇಳುತ್ತಿದ್ದೇನೆ.

ಗುರುಪ್ರಸಾದ್:
ಲತಾ ಅವರೇ, ಇದು ಪದದ ಪ್ರಶ್ನೆಯೇ. ಆ ಒಂದು H ಎಷ್ಟು ಕೆಲಸ ಮಾಡುತ್ತದೆ ನೋಡಿ. ಗಂಡನ ಹೆಸರು RAVI ಅಂತಿಟ್ಟುಕೊಳ್ಳೋಣ.

```
        ಪೈಥಾಗೊರಸ್    ಕಾಲ್ಡಿಯನ್
RAVI    23 → 5       10 → 1
LATA     7            9
LATHA   15 → 6       14 → 5
```

1-5-7, 2-4-8, 3-6-9 ಅನ್ನೋ ಗುಂಪುಗಳಲ್ಲಿ ಇಬ್ಬರೂ ಒಂದೇ ಕಡೆ ಬಿದ್ದರೆ ಹೊಂದಾಣಿಕೆ ಅನ್ನುವುದು ಒಂದು ರೂಢಿ. ಪೈಥಾಗೊರಸ್ ಪ್ರಕಾರ LATA ಹೊಂದುತ್ತಾಳೆ, LATHA ಹೊಂದಲ್ಲ. ಕಾಲ್ಡಿಯನ್ ಪ್ರಕಾರ ಪೂರ್ತಿ ಉಲ್ಟಾ. ದಂಪತಿ ಅದೇ, ಕನ್ನಡದಲ್ಲಿ ಹೆಸರೂ ಅದೇ.
ಕಾರಣ ಇಷ್ಟೇ. ಪೈಥಾಗೊರಸ್ ಹೆಸರಿನ ಪಟ್ಟಿ A ಇಂದ ಸಾಲಾಗಿ 1ರಿಂದ 9 ಕೊಟ್ಟು ಮತ್ತೆ 1ಕ್ಕೆ ಬರುತ್ತದೆ. H ಎಂಟನೆಯದು, ಅದಕ್ಕೇ 8. ಇನ್ನೊಂದು ಪಟ್ಟಿ ಬಹುಪಾಲು ಹೀಬ್ರೂ ಅಕ್ಷರಗಳ ಬೆಲೆಯನ್ನು ಸೊನ್ನೆ ತೆಗೆದು ಇಟ್ಟ ಹಾಗಿದೆ. ಅಲ್ಲಿ ‘ಹೇ’ 5, ಹಾಗಾಗಿ H 5. L 30, ಅದು 3. T 400, ಅದು 4.
ನಂದಿನಿ, ಯಾವ ಅಕ್ಷರಕ್ಕೂ 9 ಕೊಟ್ಟಿಲ್ಲ ಅನ್ನುವುದು ನಿಜ. ಮೊತ್ತ 9 ಬರಬಾರದು ಅಂತೇನಿಲ್ಲ. LATA 3+1+4+1, 9 ಬಂತಲ್ಲ.
ಸುಮತಿ, ಒಂದು ಎಚ್ಚರಿಕೆ. ಕಾಲ್ಡಿಯನ್ ಬಳಸುವವರಲ್ಲಿ ಬಹಳ ಜನ ಈ ಗುಂಪು ನೋಡಲ್ಲ, ಗ್ರಹ ನೋಡುತ್ತಾರೆ. 1 ಸೂರ್ಯ, 9 ಕುಜ. ಜ್ಯೋತಿಷದಲ್ಲಿ ಇಬ್ಬರೂ ಮಿತ್ರರು. ಆಗ RAVI-LATA ಮತ್ತೆ ಹೊಂದುತ್ತಾರೆ! ಆ್ಯಪ್ ಯಾವುದನ್ನು ಬಳಸುತ್ತದೆ ಅಂತ ಮಾಡಿದವರನ್ನು ಕೇಳಿ, ಪರದೆ ಮೇಲೆ ಬರೆಯಿರಿ. ‘ಜೋಡಿ ಸಂಖ್ಯೆ’ ಬೇಡ. ದಂಪತಿಯ ಪುಟದಲ್ಲಿ ಜೋಡಿ ಅಂದರೆ ಇಬ್ಬರ ಸಂಖ್ಯೆ ಅಂತಲೇ ಓದುತ್ತಾರೆ.

ವೆಂಕಟೇಶ:
ಅಕ್ಷರಕ್ಕೆ ಬೆಲೆ ಕೊಡೋಕೆ ನಮ್ಮಲ್ಲೇ ಕಟಪಯಾದಿ ಇದೆ. ಅದರಲ್ಲಿ ಲತಾ ಎರಡೂ ಕಡೆ ಲತಾ. ಸಾಲ ತಂದ ಲಿಪಿಯಲ್ಲಿ ಹೆಸರು ತೂಗುವುದೇ ಮೂಲ ತಪ್ಪು.

ನಂದಿನಿ:
ಕಟಪಯಾದಿ ಇರೋದು ಅಂಕಿಗಳನ್ನು ಪದದಲ್ಲಿ ಬಚ್ಚಿಡೋಕೆ. ಅದರಲ್ಲಿ ಅಂಕಿ ಸಾಲಾಗಿ ನಿಲ್ಲುತ್ತದೆ, ಕೂಡಲ್ಲ. ಸಾಲ ಬೇಡ ಅನ್ನೋರು ‘ಲಿಪಿ’ ಅನ್ನೋ ಪದವನ್ನೂ ಬಿಡಬೇಕಾಗುತ್ತದೆ.

ಸುಮತಿ:
‘ಮೊದಲ ಮೊತ್ತ’, ‘ಒಂಟಿ ಅಂಕಿ’ ಅಂತ ಹಾಕಿ ಕಳಿಸುತ್ತಿದ್ದೇನೆ. ಗುಂಡಿಯ ಮೇಲೆ ‘ಕಾಲ್ಡಿಯನ್’. ಮಾಡಿದವರನ್ನು ಕೇಳಿದೆ, ಎರಡೂ ಗುಂಡಿಗೆ ಅದೇ 1-5-7 ಗುಂಪಂತೆ. ಅದನ್ನು ಕೆಳಗೆ ಒಂದು ಸಾಲಲ್ಲಿ ಬರೆದಿದ್ದೇನೆ.

ಲತಾ:
ಹಾಗಾದರೆ ನಾನು H ಹಾಕಬೇಕಾ, ಬೇಡ್ವಾ?

ಗುರುಪ್ರಸಾದ್:
ಕಾಲ್ಡಿಯನ್‌ನವರು ದಿನಬಳಕೆಯ ಹೆಸರು ಅಂತಾರೆ, ಅಂದರೆ ನಿಮ್ಮ LATA. ಪೈಥಾಗೊರಸ್‌ನವರು ಹುಟ್ಟಿದಾಗ ದಾಖಲಾದ ಪೂರ್ತಿ ಹೆಸರು ಕೇಳುತ್ತಾರೆ. ನಿಮ್ಮ ಜನನ ಪ್ರಮಾಣಪತ್ರದಲ್ಲಿ ಹೇಗಿದೆ?