ಪಶ್ಚಿಮದ ಗೋಡೆಗೆ ಯಾವ ಬಣ್ಣ ನಿಲ್ಲುತ್ತದೆ?

ಪ್ರಶ್ನೆ (ಗೃಹಿಣಿ, ಮಡಿಕೇರಿ): ನಾಲ್ಕು ವರ್ಷದ ಹಿಂದೆ ಮನೆಗೆ ನಿಂಬೆ ಹಳದಿ ಬಳಿಸಿದ್ದೆವು. ಪಶ್ಚಿಮದ ಗೋಡೆ ಬಿಳಿಚಿಕೊಂಡಿದೆ, ಉತ್ತರದ್ದು ಕಪ್ಪಾಗಿದೆ, ಬುಡದಲ್ಲಿ ಎರಡು ಅಡಿ ಕೆಮ್ಮಣ್ಣಿನ ಕಲೆ. ಬಿಸಿಲಿಗೂ ಮಳೆಗೂ ತಡೆಯುವ ಬಣ್ಣ ಯಾವುದು ಸರ್?

ಬಣ್ಣದ ಗುತ್ತಿಗೆದಾರರು, ವಿರಾಜಪೇಟೆ: ಅಮ್ಮ, ಮೊದಲು ಪಶ್ಚಿಮದ ಗೋಡೆಯ ಒಂದು ಮೂಲೆಯನ್ನು ಒದ್ದೆ ಮಾಡಿ ನೋಡಿ. ನೀರು ತಾಗಿದೊಡನೆ ಹಳೆಯ ಹಳದಿ ಮರಳಿ ಕಂಡರೆ, ಮೇಲ್ಪದರ ಸವೆದು ಹುಡಿಯಾಗಿದೆ ಎಂದರ್ಥ. ಒಣಗೋಡೆಯನ್ನು ಅಂಗೈಯಿಂದ ಉಜ್ಜಿದರೆ ಆ ಹುಡಿ ಕೈಗೂ ಅಂಟುತ್ತದೆ. ಒದ್ದೆಯಾದರೂ ಬಿಳಿಚಿಯೇ ಇದ್ದರೆ ವರ್ಣದ್ರವ್ಯವೇ ಬಿಸಿಲಿಗೆ ಸತ್ತಿದೆ. ನಿಂಬೆ ಹಳದಿ, ಕಿತ್ತಳೆ, ನೇರಳೆ, ಗುಲಾಬಿಯಂಥ ಕಣ್ಣು ಕುಕ್ಕುವ ಬಣ್ಣಗಳಲ್ಲಿ ಹೆಚ್ಚಾಗಿ ಹೀಗಾಗುತ್ತದೆ, ಏಕೆಂದರೆ ಅವುಗಳಲ್ಲಿ ಬಹುಪಾಲು ಸಾವಯವ ವರ್ಣದ್ರವ್ಯದಿಂದ ಬರುತ್ತವೆ, ಬಿಸಿಲಿನ ನೇರಳಾತೀತ ಕಿರಣ ಅವುಗಳ ಅಣುಗಳನ್ನು ಒಡೆಯುತ್ತದೆ.

ಕಾವಿ, ಗೋಪಿ, ಮಣ್ಣಿನ ಕಂದು, ಮಂಕು ಹಳದಿ ಇವು ಕಬ್ಬಿಣದ ಆಕ್ಸೈಡಿನವು. ನಿಮ್ಮ ಅಂಗಳದ ಕೆಮ್ಮಣ್ಣಿಗೂ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೂ ಕೆಂಪು ಬಂದಿರುವುದು ಅದೇ ಪದಾರ್ಥದಿಂದ. ಆಗಲೇ ತುಕ್ಕಾಗಿರುವ ಕಬ್ಬಿಣವನ್ನು ಬಿಸಿಲು ಇನ್ನೇನೂ ಮಾಡಲಾರದು. ಹೀಗಾಗಿ ಪಶ್ಚಿಮಕ್ಕೆ ನನ್ನ ಆಯ್ಕೆ ಮಂಕು ಹಳದಿ ಅಥವಾ ತಿಳಿ ಕಂದು.

ಒಂದೇ ಬಗೆಯ ಹಳದಿಯನ್ನು ಎರಡು ದ್ರವ್ಯಗಳಿಂದಲೂ ಬೆರೆಸಬಹುದಾದ ಕಾರಣ, ಅಂಗಡಿಯಲ್ಲಿ ಯಂತ್ರ ಬೆರೆಸುವ ಮುನ್ನ ಮಿಶ್ರಣದ ಚೀಟಿ ಕೇಳಿ. ಅದರಲ್ಲಿ ಯೆಲ್ಲೋ ಆಕ್ಸೈಡ್, ರೆಡ್ ಆಕ್ಸೈಡ್, ಬ್ಲ್ಯಾಕ್ ಮುಖ್ಯವಾಗಿದ್ದರೆ ಧೈರ್ಯವಾಗಿ ಕೊಳ್ಳಿ. ಚೀಟಿಯಲ್ಲಿ ಸಂಕೇತ ಮಾತ್ರ ಇದ್ದರೆ ಅದು ಯಾವ ಬಣ್ಣವೆಂದು ಅಂಗಡಿಯವರೇ ಹೇಳುತ್ತಾರೆ. ಇಷ್ಟು ಕೇಳಲು ಯಾರೂ ಸಂಕೋಚಪಡಬಾರದು.

ಸದಸ್ಯರು, ಗೋಣಿಕೊಪ್ಪ: ಇಷ್ಟೆಲ್ಲ ಏಕೆ? ಕಡು ಬಣ್ಣ ಬಳಿಸಿದರೆ ಯಾವ ಕಲೆಯೂ ಕಾಣುವುದಿಲ್ಲ.

ಗುತ್ತಿಗೆದಾರರು: ಬುಡದ ಮಟ್ಟಿಗೆ ನಿಮ್ಮ ಮಾತು ಸರಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಮಣ್ಣು ಸಿಡಿಯುವ ಮೊದಲ ಎರಡು ಮೂರು ಅಡಿಗೆ ಕಾವಿ ಬಣ್ಣದ ಪಟ್ಟಿ ಬಳಿಸುವುದೇ ಜಾಣತನ, ಏಕೆಂದರೆ ಕಲೆಯ ಬಣ್ಣವೇ ಗೋಡೆಯ ಬಣ್ಣವಾಗುತ್ತದೆ. ಆದರೆ ಇಡೀ ಗೋಡೆ ಕಡುವಾದರೆ ಹುಡಿಯೂ ಸಿಮೆಂಟಿನಿಂದ ಹೊರಬರುವ ಬಿಳಿ ಉಪ್ಪೂ ದೂರದಿಂದಲೇ ಎದ್ದು ಕಾಣುತ್ತವೆ, ಗೋಡೆ ಹೆಚ್ಚು ಕಾದು ಸಣ್ಣ ಬಿರುಕುಗಳೂ ದೊಡ್ಡದಾಗುತ್ತವೆ.

ಸದಸ್ಯರು, ಸೋಮವಾರಪೇಟೆ: ನಮ್ಮ ಮಲಗುವ ಕೋಣೆಯ ಒಳಗೋಡೆಯಲ್ಲಿ ಬಣ್ಣ ಹಪ್ಪಳದಂತೆ ಏಳುತ್ತಿದೆ. ಅಲ್ಲಿಗೂ ಮಂಕು ಹಳದಿ ಆಗಬಹುದೇ?

ಗುತ್ತಿಗೆದಾರರು: ಅಣ್ಣ, ಅದು ಬಣ್ಣದ ತೊಂದರೆಯಲ್ಲ, ಗೋಡೆಯೊಳಗೆ ನೀರಿದೆ. ಹೊರಗಿನ ಬಿರುಕನ್ನೋ ತಾರಸಿಯ ಅಂಚನ್ನೋ ಮೊದಲು ಮುಚ್ಚಿಸಿ.

ಅಮ್ಮ, ಉತ್ತರದ ಕಪ್ಪು ಬೇರೆ ಕಥೆ. ಅದು ಪಾಚಿ, ಮಳೆಗಾಲದಲ್ಲಿ ಹಸಿರಾಗಿದ್ದು ಒಣಗಿ ಕಪ್ಪಾಗಿದೆ. ಅದರ ಮೇಲೆಯೇ ಬಳಿದರೆ ಹೊಸ ಬಣ್ಣವನ್ನೂ ತೂರಿ ಬರುತ್ತದೆ. ಒಂದು ಪಾಲು ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣಕ್ಕೆ ಮೂರು ಪಾಲು ನೀರು ಸೇರಿಸಿ, ಕೈಗವಸು ಹಾಕಿ ಬಳಿದು, ಕಾಲು ಗಂಟೆ ಬಿಟ್ಟು, ನೈಲಾನ್ ಬ್ರಷ್‌ನಿಂದ ಉಜ್ಜಿ ಚೆನ್ನಾಗಿ ತೊಳೆಯಿರಿ. ಅದಕ್ಕೆ ಆಸಿಡ್ ಮಾತ್ರ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಆಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ. ಮರುದಿನ ಒಳಗೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲ. ನಾನು ಫೆಬ್ರುವರಿಗೆ ಮೊದಲು ಉತ್ತರದ ಗೋಡೆಗೆ ಕೈ ಹಾಕುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಒದ್ದೆ ಮಾಡಿ ನೋಡಿದೆ ಸರ್, ಹಳದಿ ಮರಳಲಿಲ್ಲ. ಪಶ್ಚಿಮದ ಗೋಡೆ 400 ಚದರ ಅಡಿ, ಎಷ್ಟು ಬೇಕಾದೀತು?

ಗುತ್ತಿಗೆದಾರರು: ಹಾಗಾದರೆ ಸತ್ತಿರುವುದು ವರ್ಣದ್ರವ್ಯ. ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಎರಡು ಕೋಟ್ ಬಳಿಯಲು ಲೀಟರಿಗೆ ಸುಮಾರು 50 ಚದರ ಅಡಿ ಬರುತ್ತದೆ, 8 ಲೀಟರ್ ಸಾಕು. ಪ್ರೈಮರ್ ಬೇರೆ.

ಸದಸ್ಯರು, ಮಾದಾಪುರ: ಪಾಚಿ ನಿರೋಧಕ ಬಣ್ಣವಾದರೆ ಉತ್ತರದ ಗೋಡೆ ಐದು ವರ್ಷ ಶುಭ್ರವಾಗಿರುತ್ತದೆಯೇ?

ಗುತ್ತಿಗೆದಾರರು: ಬಯಲಿನ ಗೋಡೆಗೆ ಇರಬಹುದು. ಸಿಲ್ವರ್ ಓಕ್ ನೆರಳು ಬೀಳುವ ಗೋಡೆಗೆ ನಾನು ಎರಡು ಮಳೆಗಾಲಕ್ಕಿಂತ ಹೆಚ್ಚು ಮಾತು ಕೊಡುವುದಿಲ್ಲ.

ಸದಸ್ಯರು, ಮಾದಾಪುರ: ನಾವು ಕೊಂಬೆ ಕಡಿಸಿದ ಮೇಲೆ ಮೂರು ಮಳೆಗಾಲ ಕಳೆದಿದೆ, ಈಗಲೂ ಚೆನ್ನಾಗಿದೆ. ಅದು ಬಣ್ಣದಿಂದಲೋ ಬಿಸಿಲಿನಿಂದಲೋ ನನಗೆ ಹೇಳಲಾಗದು.